‘ಮೂರು ನಿಮಿಷದ ಹತ್ತಿರ’ ಅಂದರೆ ಎಲ್ಲಿ?

ಮಂಡ್ಯ ಕಡೆಯ ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ 50 ವರ್ಷ ತುಂಬುತ್ತದೆ ಎಂದುಕೊಳ್ಳೋಣ. ಸುವರ್ಣ ಮಹೋತ್ಸವದ ವೇದಿಕೆಯಲ್ಲಿ ತೋರಿಸಲು 7 ನಿಮಿಷದ ಒಂದು ಚಿತ್ರ ಬೇಕು. ಶೂಟಿಂಗ್ ಮುಗಿದಿದೆ. ಬೆಳಗಿನ ಜಾವ ಕ್ಯಾನು ಹಿಡಿದು ಡೇರಿಗೆ ಬರುವ ಹೆಂಗಸರು, ಫ್ಯಾಟ್ ನೋಡುವ ಯಂತ್ರ, ಮಾಜಿ ಅಧ್ಯಕ್ಷರ ಸಂದರ್ಶನ, ಬಟವಾಡೆ ದಿನದ ಸಾಲು, ಎಲ್ಲವೂ ಕ್ಯಾಮೆರಾಕ್ಕೆ ಸಿಕ್ಕಿವೆ. ಎಡಿಟರ್ ಮೊದಲ ಕರಡನ್ನು ಜೋಡಿಸಿ ಸಂಘದ ಕಾರ್ಯದರ್ಶಿಗೆ ಕಳಿಸುತ್ತಾರೆ. ಅವರು ಅದನ್ನು ನಿರ್ದೇಶಕರ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ರಾತ್ರಿಯೊಳಗೆ ಉತ್ತರಗಳು ಶುರು: “ಸೂಪರ್ ಸಾರ್.” “ಮೂರು ನಿಮಿಷದ ಹತ್ರ ಅಧ್ಯಕ್ಷರ ಮುಖ ಸರಿಯಾಗಿ ಕಾಣ್ತಿಲ್ಲ.” “ಮ್ಯೂಸಿಕ್ ಸ್ವಲ್ಪ ಜಾಸ್ತಿ ಮಾಡಿ.” “ಮಧ್ಯದಲ್ಲಿ ಎಳೆದಂಗಾಗುತ್ತೆ.” ಜೊತೆಗೆ ಒಬ್ಬ ಹಿರಿಯರ ಉದ್ದನೆಯ ವಾಯ್ಸ್ ಮೆಸೇಜು. ಅದರಲ್ಲಿ ಅರ್ಧ ಚಿತ್ರದ ಬಗ್ಗೆ, ಅರ್ಧ ಊಟದ ವ್ಯವಸ್ಥೆಯ ಬಗ್ಗೆ.

ಮೂರು ನಿಮಿಷದ ಹತ್ತಿರ ಅಂದರೆ ಎಲ್ಲಿ? ನಮ್ಮಲ್ಲಿ ಇಂಥ ವಿಡಿಯೊಗಳು ಸಾಮಾನ್ಯವಾಗಿ ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಓಡುತ್ತವೆ. ಎರಡು ನಿಮಿಷ ಐವತ್ತು ಸೆಕೆಂಡಿನಿಂದ ಮೂರು ನಿಮಿಷ ಹತ್ತು ಸೆಕೆಂಡಿನವರೆಗೆ ಹುಡುಕಿದರೂ 500 ಫ್ರೇಮುಗಳಾದವು. ಅಷ್ಟರಲ್ಲಿ ಐದಾರು ಶಾಟುಗಳು ಬಂದು ಹೋಗಿರುತ್ತವೆ. ಅಧ್ಯಕ್ಷರೆಂದರೆ ಈಗಿನವರೋ ಹಿಂದಿನವರೋ ಎನ್ನುವುದೂ ತಿಳಿಯುವುದಿಲ್ಲ. ಎಡಿಟರ್ ಊಹಿಸಿ ಒಂದು ಮುಖವನ್ನು ಬೆಳಗಿಸುತ್ತಾರೆ, ಆಮೇಲೆ ನೋಡಿದರೆ ಅದು ಬೇರೆಯವರ ಮುಖ.

ಇದಕ್ಕೆ ಪರಿಹಾರವಾಗಿ ಬಂದದ್ದು ಟೈಮ್‌ಕೋಡ್. ವಿಡಿಯೊ ಟೇಪಿನ ಕಾಲದಲ್ಲಿ, 1960ರ ದಶಕದ ಕೊನೆಯ ಹೊತ್ತಿಗೆ, ಪ್ರತಿ ಫ್ರೇಮಿಗೂ ಒಂದು ವಿಳಾಸ ಇರಲಿ ಎಂದು ಈ ಪದ್ಧತಿ ರೂಪುಗೊಂಡಿತು. 00:03:18:12 ಎಂದರೆ ಸೊನ್ನೆ ಗಂಟೆ, 3 ನಿಮಿಷ, 18 ಸೆಕೆಂಡು, ಆ ಸೆಕೆಂಡಿನೊಳಗೆ 12 ಎಂದು ಗುರುತಿಸಿದ ಫ್ರೇಮು. ನಮ್ಮ 25ರ ಲೆಕ್ಕದಲ್ಲಿ ಕೊನೆಯ ಅಂಕಿ 00ಯಿಂದ 24ರವರೆಗೆ ಹೋಗಿ ಮತ್ತೆ ಸೊನ್ನೆಗೆ ಬರುತ್ತದೆ. ಅಭಿಪ್ರಾಯ ಹೇಳುವವರು ಫ್ರೇಮಿನ ಅಂಕಿ ಕೊಡಬೇಕಾಗಿಲ್ಲ. ಸೆಕೆಂಡು ಸರಿಯಾಗಿದ್ದರೆ ಸಾಕು, ಉಳಿದದ್ದು ಎಡಿಟರ್ ಕಣ್ಣಿಗೆ ಬೀಳುತ್ತದೆ.

ಫ್ರೇಮ್ ಡಾಟ್ ಐಒ ಥರದ ಸೇವೆಗಳು ಇದೇ ಕೆಲಸಕ್ಕೆಂದು ಇವೆ. 2021ರಲ್ಲಿ ಅಡೋಬಿ ಅದನ್ನು ಕೊಂಡುಕೊಂಡಿತು. ಗಿರಾಕಿಗೆ ಒಂದು ಲಿಂಕ್ ಹೋಗುತ್ತದೆ. ಅವರು ವಿಡಿಯೊ ನೋಡುತ್ತಾ ಬೇಕಾದಲ್ಲಿ ನಿಲ್ಲಿಸಿ ಬರೆದರೆ ಆ ಮಾತು ಆ ಫ್ರೇಮಿಗೇ ಅಂಟಿಕೊಳ್ಳುತ್ತದೆ. ಚಿತ್ರದ ಮೇಲೆ ಗೆರೆ ಎಳೆದು ‘ಇವರು’ ಎಂದು ತೋರಿಸಲೂಬಹುದು. ಎಡಿಟರ್ ಆ ಟಿಪ್ಪಣಿಗಳನ್ನು ನೇರವಾಗಿ ತಮ್ಮ ಟೈಮ್‌ಲೈನಿನ ಮೇಲೆ ಮಾರ್ಕರುಗಳಾಗಿ ಇಳಿಸಿಕೊಳ್ಳುತ್ತಾರೆ. ಬೆಂಗಳೂರಿನ ಜಾಹೀರಾತು ಕಂಪನಿಯೊಂದಿಗೆ ಕೆಲಸ ಮಾಡುವಾಗ ಇದಕ್ಕಿಂತ ಅನುಕೂಲವಾದದ್ದು ಇಲ್ಲ.

ಡೇರಿಯ ನಿರ್ದೇಶಕರ ವಿಷಯಕ್ಕೆ ಬಂದರೆ ನನ್ನ ಮತ ಹಳೆಯ ಉಪಾಯಕ್ಕೇ. ಟೈಮ್‌ಕೋಡನ್ನು ಚಿತ್ರದ ಮೇಲೆಯೇ ಅಚ್ಚೊತ್ತಿ ಕಳಿಸುವುದು. ಪ್ರೀಮಿಯರ್, ಡಾವಿಂಚಿ ರಿಸಾಲ್ವ್ ಎರಡರಲ್ಲೂ ಇದಕ್ಕೆ ಸೌಲಭ್ಯವಿದೆ. ಲಾಗಿನ್ ಬೇಡ, ಹೊಸ ಆ್ಯಪ್ ಬೇಡ. ಫೋನಿನಲ್ಲಿ ವಿಡಿಯೊ ನಿಲ್ಲಿಸಿ ಪರದೆಯ ಮೇಲಿನ ಅಂಕಿಯನ್ನು ಓದಿ ಹೇಳಿದರಾಯಿತು, ವಾಯ್ಸ್ ಮೆಸೇಜಿನಲ್ಲೇ ಹೇಳಿದರೂ ಆಯಿತು. ವಾಟ್ಸಾಪ್ ವಿಡಿಯೊವನ್ನು ಹಿಂಡಿ ಸಣ್ಣದು ಮಾಡಿದರೂ ಅಂಕಿ ಚಿತ್ರದ ಭಾಗವೇ ಆದ್ದರಿಂದ ಜಾರುವುದಿಲ್ಲ. ಅಂಕಿಯನ್ನು ಮೇಲುಗಡೆ ಹಾಕಬೇಕು. ಕೆಳಗೆ ಹಾಕಿದರೆ ಮಾತಾಡುವವರ ಹೆಸರಿನ ಪಟ್ಟಿ ಮುಚ್ಚಿಹೋಗುತ್ತದೆ, ಹೆಸರಿನ ತಪ್ಪನ್ನು ಯಾರೂ ಹಿಡಿಯುವುದಿಲ್ಲ.

ಅಚ್ಚೊತ್ತಿದ ಅಂಕಿ ಇಲ್ಲದಿದ್ದರೆ ಏನು ತೊಂದರೆ? ಪ್ಲೇಯರ್ ತೋರಿಸುವ ಸಮಯಕ್ಕೂ ಎಡಿಟರ್ ಟೈಮ್‌ಲೈನಿನ ಸಮಯಕ್ಕೂ ತಾಳೆಯಾಗದಿರಬಹುದು. ರಿಸಾಲ್ವಿನಲ್ಲಿ ಟೈಮ್‌ಲೈನ್ ಸಾಮಾನ್ಯವಾಗಿ 01:00:00:00ಯಿಂದ ಶುರುವಾಗುತ್ತದೆ. ಗಂಟೆಯ ವ್ಯತ್ಯಾಸವಾದರೆ ಗೊತ್ತಾಗಿಬಿಡುತ್ತದೆ. ಚಿತ್ರದ ಮುಂದೆ 10 ಸೆಕೆಂಡಿನ ಕೌಂಟ್‌ಡೌನ್ ಸೇರಿಸಿ ಕಳಿಸಿದ್ದಾಗ ಮಾತ್ರ ಮೋಸ. ಪ್ರತಿಯೊಂದು ಟಿಪ್ಪಣಿಯೂ 10 ಸೆಕೆಂಡು ಆಚೆ ಬೀಳುತ್ತದೆ, ಆದರೂ ಅಲ್ಲೊಂದು ಶಾಟು ಇದ್ದೇ ಇರುತ್ತದೆ. ಎರಡು ಮೂರು ಟಿಪ್ಪಣಿಗಳು ಸತತವಾಗಿ ‘ಇಲ್ಲಿ ಇದೇಕೆ ಹೇಳಿದರು’ ಅನ್ನಿಸಿದರೆ ಮೊದಲು ನೋಡಬೇಕಾದದ್ದು ಈ ಜಾರುವಿಕೆಯನ್ನೇ.

ಈಗ ಕಾರ್ಯದರ್ಶಿಯವರಿಂದ ಸರಿಯಾದ ಪಟ್ಟಿ ಬಂತು ಅನ್ನಿ. 00:00:42ರಲ್ಲಿ ಊರಿನ ದೃಶ್ಯಗಳು ಉದ್ದವಾದವು. 00:01:55ರಲ್ಲಿ ಹೆಸರಿನ ಇನಿಷಿಯಲ್ ತಪ್ಪು. 00:03:18ರಲ್ಲಿ ಎಳೆದಂಗಾಗುತ್ತೆ. 00:05:40ರ ಬಟವಾಡೆ ಶಾಟಿನಲ್ಲಿ ಈಗಿನ ಅಧ್ಯಕ್ಷರ ಮುಖ ಕಪ್ಪಾಗಿದೆ. ಮೂರು ನಿಮಿಷದ ಹತ್ತಿರ ಎಂದು ವಾಟ್ಸಾಪಿನಲ್ಲಿ ಹೇಳಿದ್ದ ಮುಖ ಇದೇ!

ಮೂರನೆಯದನ್ನು ನೋಡಿ. ಎಡಿಟರ್ 00:03:18ಕ್ಕೆ ಹೋದರೆ ಅಲ್ಲಿರುವುದು ಶೀತಲೀಕರಣ ಘಟಕದ ನಾಲ್ಕು ಸೆಕೆಂಡಿನ ಶಾಟು. ನಾಲ್ಕನ್ನು ಎರಡು ಮಾಡಿದರೆ ಟಿಪ್ಪಣಿಗೆ ಉತ್ತರ ಕೊಟ್ಟಂತಾಗುತ್ತದೆ, ಎಳೆತ ಹೋಗುವುದಿಲ್ಲ. ಸ್ವಲ್ಪ ಹಿಂದಿನಿಂದ ಒಮ್ಮೆ ನಿಲ್ಲಿಸದೆ ನೋಡಿದರೆ ಕಾರಣ ಸಿಗುತ್ತದೆ. 2:10ರಿಂದ 2:30ರವರೆಗೆ ನಿರೂಪಕರು ಸಂಘ ಹೇಗೆ ಹುಟ್ಟಿತೆಂದು ಹೇಳುತ್ತಾರೆ. ಆಮೇಲೆ 2:35ರಿಂದ ಮಾಜಿ ಅಧ್ಯಕ್ಷರು ಅದನ್ನೇ ತಮ್ಮ ಮಾತಿನಲ್ಲಿ ಹೇಳುತ್ತಾರೆ. ನೋಡುಗರಿಗೆ ಬೇಸರ ಹುಟ್ಟಿದ್ದು ಅಲ್ಲಿ, ಅವರು ಪಾಸ್ ಒತ್ತಿದ್ದು 3:18ರಲ್ಲಿ. ಕಾಲು ನೋವೆಂದು ಬಂದವರ ಬೆನ್ನುಮೂಳೆ ನೋಡುವ ವೈದ್ಯರಿರುತ್ತಾರಲ್ಲ, ಹಾಗೆ. ಇಲ್ಲಿ ತೆಗೆಯಬೇಕಾದದ್ದು ನಿರೂಪಕರ 20 ಸೆಕೆಂಡು. ಮುದುಕರ ಮಾತಿಗೆ ಕತ್ತರಿ ಹಾಕಬಾರದು, ಇಡೀ ಚಿತ್ರದ ಜೀವ ಅದೇ.

ಹೀಗಾಗಿ ಗಿರಾಕಿಯನ್ನು ಏನು ಮಾಡಬೇಕೆಂದು ಕೇಳುವ ಬದಲು ಎಲ್ಲಿ ಏನನ್ನಿಸಿತೆಂದು ಕೇಳುವುದು ಒಳ್ಳೆಯದು. ‘ಇಲ್ಲಿ ಅರ್ಥವಾಗಲಿಲ್ಲ’, ‘ಇಲ್ಲಿ ಫೋನ್ ನೋಡಿದೆ’ ಎನ್ನುವಂಥ ಮಾತು ಎಡಿಟರಿಗೆ ಬಲು ಉಪಯೋಗ. ‘ಇಲ್ಲಿ ಡಿಸಾಲ್ವ್ ಹಾಕಿ’ ಎಂದರೆ ಹಿಂದಿನ ಕಾರಣ ಮರೆಯಾಗುತ್ತದೆ. ಸಂಗೀತದ ದೂರನ್ನೂ ಹೀಗೆಯೇ ನೋಡಬೇಕು. ‘ಜಾಸ್ತಿ ಮಾಡಿ’ ಎಂದವರು ಯಾವುದರಲ್ಲಿ ಕೇಳಿದರು ಎಂದು ವಿಚಾರಿಸಿದರೆ ಫೋನಿನ ಸ್ಪೀಕರಿನಲ್ಲಿ ಎಂಬ ಉತ್ತರ ಬರುತ್ತದೆ. ಆ ಸಣ್ಣ ಸ್ಪೀಕರ್ ತಗ್ಗಿನ ಸ್ವರಗಳನ್ನು ನುಡಿಸುವುದೇ ಇಲ್ಲ. ಅದನ್ನು ನಂಬಿ ಸಂಗೀತ ಏರಿಸಿದರೆ ಸಮಾರಂಭದ ದಿನ ಪೆಂಡಾಲಿನ ದೊಡ್ಡ ಬಾಕ್ಸುಗಳಲ್ಲಿ ಮಾತೇ ಕೇಳಿಸದು. ಇಂಥ ಟಿಪ್ಪಣಿಯನ್ನು ಇಯರ್‌ಫೋನಿನಲ್ಲಿ ಇನ್ನೊಮ್ಮೆ ಕೇಳಿಸಿ ಆಮೇಲೆ ತೀರ್ಮಾನಿಸಬೇಕು.

ಪಟ್ಟಿ ಕೈಗೆ ಬಂದ ಮೇಲೆ ಕೆಲಸವನ್ನು ಕೊನೆಯಿಂದ ಶುರು ಮಾಡಬೇಕು. ಹೊಸಬರು ಮೇಲಿನಿಂದ ಶುರು ಮಾಡುತ್ತಾರೆ. 00:00:42ರಲ್ಲಿ 12 ಸೆಕೆಂಡು ತೆಗೆದರು ಎನ್ನಿ, ಆ ಕ್ಷಣವೇ ಕೆಳಗಿನ ಎಲ್ಲ ವಿಳಾಸಗಳೂ 12 ಸೆಕೆಂಡು ಹಿಂದೆ ಸರಿಯುತ್ತವೆ. 1:55ರ ಹೆಸರು ಈಗ 1:43ರಲ್ಲಿದೆ. ನಿರೂಪಕರ 20 ಸೆಕೆಂಡೂ ಹೋದರೆ 5:40ರ ಅಧ್ಯಕ್ಷರು 5:08ಕ್ಕೆ ಬಂದು ನಿಲ್ಲುತ್ತಾರೆ. ಮಾರ್ಕರುಗಳನ್ನು ಕತ್ತರಿಯ ಜೊತೆಗೇ ಸರಿಯುವಂತೆ ಹೊಂದಿಸಿಕೊಂಡವರಿಗೆ ಚಿಂತೆಯಿಲ್ಲ. ಕಾಗದದ ಪಟ್ಟಿ ಇಟ್ಟುಕೊಂಡವರು 5:40ನ್ನು ಮೊದಲು ಮುಗಿಸಿ, 3:18, 1:55, 0:42 ಎಂದು ಹಿಂದೆ ಬಂದರೆ ಯಾವ ವಿಳಾಸವೂ ಕೆಡುವುದಿಲ್ಲ.

ಗಿರಾಕಿಯ ಕಡೆ ಇದೇ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ. ಎರಡನೇ ಕರಡು ಕಳಿಸಿದ ಮೇಲೂ ಒಬ್ಬ ನಿರ್ದೇಶಕರು ಗುಂಪಿನಲ್ಲಿ ಮೇಲೆ ಹೋಗಿ ಹಳೆಯ ವಿಡಿಯೊವನ್ನೇ ತೆರೆದು, “5:40ರಲ್ಲಿ ಇನ್ನೂ ಕಪ್ಪಗೇ ಇದೆಯಲ್ಲ ಸಾರ್” ಅನ್ನುತ್ತಾರೆ. ಆದ್ದರಿಂದ ಟೈಮ್‌ಕೋಡಿನ ಪಕ್ಕದಲ್ಲೇ ‘ಕರಡು 1’, ‘ಕರಡು 2’ ಎಂದೂ ಅಚ್ಚಾಗಿರಬೇಕು. ಫೈಲಿನ ಹೆಸರಿನಲ್ಲಿ ಮಾತ್ರ ಇದ್ದರೆ ಸಾಲದು, ಫೋನಿನಲ್ಲಿ ಅದನ್ನು ಯಾರೂ ನೋಡುವುದಿಲ್ಲ.

ಎರಡನೇ ಕರಡಿನ ಜೊತೆಗೆ ಅದೇ ಪಟ್ಟಿ ವಾಪಸು ಹೋಗಬೇಕು, ಪ್ರತಿ ಸಾಲಿನ ಮುಂದೆ ಎಡಿಟರ್ ಉತ್ತರ ಬರೆದು. ‘ಎಳೆತ: 3:18ರಲ್ಲಿ ಅಲ್ಲ, ಹಿಂದೆ ನಿರೂಪಣೆ ತೆಗೆದಿದ್ದೇವೆ.’ ‘ಮುಖ: ಕಿಟಕಿಯ ಬೆಳಕಿಗೆ ಎದುರಾಗಿ ತೆಗೆದದ್ದು, ಸ್ವಲ್ಪ ಎತ್ತಿದ್ದೇವೆ. ಇನ್ನೂ ಎತ್ತಿದರೆ ಚಿತ್ರ ಕಾಳುಕಾಳಾಗುತ್ತದೆ.’ ಮಾಡಲಾಗದ್ದನ್ನು ಕಾರಣದೊಂದಿಗೆ ಬರೆದರೆ ಮಾತು ಅಲ್ಲಿಗೆ ನಿಲ್ಲುತ್ತದೆ. ಉತ್ತರವಿಲ್ಲದೆ ಬಿಟ್ಟ ಟಿಪ್ಪಣಿ ಮುಂದಿನ ಸುತ್ತಿನಲ್ಲಿ ಸ್ವಲ್ಪ ಸಿಟ್ಟಿನೊಂದಿಗೆ ಮರಳಿ ಬರುತ್ತದೆ.

ಸುತ್ತು ಅಂದರೇನು ಎಂಬುದನ್ನು ಮುಂಗಡ ಹಣ ಪಡೆಯುವಾಗಲೇ ಬರೆದುಕೊಳ್ಳಬೇಕು. ಇಂಥ ಸಣ್ಣ ಚಿತ್ರಕ್ಕೆ ಎರಡು ಸುತ್ತು ಸಾಕು. ಒಂದು ಕರಡು, ಅದಕ್ಕೆ ಒಬ್ಬರಿಂದ ಬಂದ ಒಂದು ಪಟ್ಟಿ, ಅದೇ ಒಂದು ಸುತ್ತು. ಒಬ್ಬೊಬ್ಬ ನಿರ್ದೇಶಕರ ಒಂದೊಂದು ಮೆಸೇಜೂ ಒಂದು ಸುತ್ತಾದರೆ ಹಬ್ಬ ಮುಗಿದರೂ ಚಿತ್ರ ಮುಗಿಯದು. ಒಬ್ಬರು ಮಾಜಿ ಅಧ್ಯಕ್ಷರ ಮಾತು ಕಡಿಮೆ ಮಾಡಿ ಅನ್ನುತ್ತಾರೆ, ಇನ್ನೊಬ್ಬರು ಪೂರ್ತಿ ಇರಲಿ ಅನ್ನುತ್ತಾರೆ. ಎಡಿಟರ್ ಇಲ್ಲಿ ಜಾಣತನ ತೋರಿಸಲು ಹೋಗಬಾರದು. ಎರಡೂ ಸಾಲನ್ನು ಕಾರ್ಯದರ್ಶಿಗೆ ತೋರಿಸಿ, “ಇದರಲ್ಲಿ ಸಂಘದ ಮಾತು ಯಾವುದು, ನೀವೇ ಹೇಳಿ ಸಾರ್” ಎನ್ನಬೇಕು. ಸಭೆಯಲ್ಲಿ ತೀರ್ಮಾನವಾಗಬೇಕಾದ್ದು ಎಡಿಟಿಂಗ್ ಕೋಣೆಯಲ್ಲಿ ಆಗದು.

ಮೊದಲ ಸುತ್ತಿನಲ್ಲಿ ಕ್ರಮ, ಉದ್ದ, ಯಾರಿರಬೇಕು ಯಾರು ಬೇಡ ಎಂಬ ದೊಡ್ಡ ಮಾತುಗಳು. ಎರಡನೆಯದರಲ್ಲಿ ಸಣ್ಣಪುಟ್ಟವು. ಅದು ಮುಗಿದ ಮೇಲೆ ಚಿತ್ರವನ್ನು ‘ಲಾಕ್’ ಮಾಡುತ್ತಾರೆ. ಇನ್ನು ಉದ್ದ ಬದಲಾಗುವುದಿಲ್ಲ ಎಂದು ಅರ್ಥ. ಧ್ವನಿಯ ಮಿಶ್ರಣ, ಬಣ್ಣದ ಕೆಲಸ, ಸಬ್‌ಟೈಟಲ್ ಎಲ್ಲವೂ ಆ ನಂಬಿಕೆಯ ಮೇಲೆ ಶುರುವಾಗುತ್ತವೆ. ಲಾಕ್ ಆದ ಮೇಲೆಯೂ ಫೋನ್ ಬರುತ್ತದೆ, ಬಂದೇ ಬರುತ್ತದೆ. ಆಗ ಕೇಳಿಕೊಳ್ಳಬೇಕಾದ ಪ್ರಶ್ನೆ, ಇದರಿಂದ ಉದ್ದ ಬದಲಾಗುತ್ತದೆಯೇ ಎಂಬುದು. ಹೆಸರು ತಿದ್ದುವುದು, ನಾಲ್ಕು ಸೆಕೆಂಡಿನ ಶಾಟಿನ ಜಾಗಕ್ಕೆ ನಾಲ್ಕು ಸೆಕೆಂಡಿನದೇ ಇನ್ನೊಂದು ಹಾಕುವುದು ಸುಲಭ. ಸಚಿವರು ಬಂದಿದ್ದ ಫೋಟೊವನ್ನು ಹೊಸದಾಗಿ 6 ಸೆಕೆಂಡು ಸೇರಿಸಿದರೆ ಸಂಗೀತದ ತಾಳ ತಪ್ಪುತ್ತದೆ, ಅಲ್ಲಿಂದಾಚೆಯ ಸಬ್‌ಟೈಟಲ್‌ಗಳೆಲ್ಲ 6 ಸೆಕೆಂಡು ಸರಿಯಬೇಕು, ಮಿಶ್ರಣ ಮತ್ತೆ ಆಗಬೇಕು. ಅದಕ್ಕೆ ಹೆಚ್ಚಿನ ಹಣ ಕೇಳುವುದರಲ್ಲಿ ಸಂಕೋಚ ಬೇಡ. ಎಡಿಟರ್ ಕಡೆಯ ತಪ್ಪಾದರೆ ಮಾತ್ರ ಎಷ್ಟನೇ ಸುತ್ತಾದರೂ ಲೆಕ್ಕಕ್ಕಿಲ್ಲ, ತಿದ್ದಿಕೊಡಲೇಬೇಕು.

ಹೆಸರುಗಳ ವಿಷಯದಲ್ಲಿ ತಪ್ಪು ಯಾರದೆಂಬ ಜಗಳವೇ ಬರದಂತೆ ಮಾಡಬಹುದು. ಲಾಕ್‌ಗೆ ಮೊದಲು ಪರದೆಯ ಮೇಲೆ ಬರುವ ಪ್ರತಿಯೊಂದು ಅಕ್ಷರವನ್ನೂ, ಹೆಸರು, ಇನಿಷಿಯಲ್, ಹುದ್ದೆ, ಇಸವಿ ಸಮೇತ, ಅದರ ಟೈಮ್‌ಕೋಡಿನೊಂದಿಗೆ ಬೇರೆ ಹಾಳೆಯಲ್ಲಿ ಮುದ್ರಿಸಿ ಕಳಿಸುವುದು. ಓಡುವ ಚಿತ್ರದಲ್ಲಿ ಮೂರು ಸೆಕೆಂಡು ಬಂದು ಹೋಗುವ ಹೆಸರಿನಲ್ಲಿ ‘ಕೆ’ ಇರಬೇಕಾದಲ್ಲಿ ‘ಟಿ’ ಇದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಗದದಲ್ಲಿ ಬೀಳುತ್ತದೆ. ಕಾರ್ಯದರ್ಶಿ ಆ ಹಾಳೆಯನ್ನು ಸದಸ್ಯರ ರಿಜಿಸ್ಟರಿನ ಪಕ್ಕದಲ್ಲಿಟ್ಟು ಒಂದೊಂದನ್ನೇ ತಾಳೆ ನೋಡಿ, ಕೊನೆಯಲ್ಲಿ ಕರಡಿನ ಸಂಖ್ಯೆ ಬರೆದು ಸಹಿ ಹಾಕಿ ಕಳಿಸುತ್ತಾರೆ. ಆ ಸಹಿ ಬರುವವರೆಗೆ ಲಾಕ್ ಮಾಡುವುದಿಲ್ಲ.