ಪಾಯದ ಮಣ್ಣಿಗೆ ಗೆದ್ದಲು ಔಷಧಿ: ಎಷ್ಟು ಲೀಟರ್, ಎಷ್ಟು ವರ್ಷ?

ಗಡಹಿಂಗ್ಲಜ್‌ನಲ್ಲೋ ಇಚಲಕರಂಜಿಯಲ್ಲೋ ಹೊಸ ಮನೆ ಕಟ್ಟಿಸುವವರ ಕೈಗೆ ಪಾಯದ ಕೆಲಸ ಮುಗಿಯುವ ಹೊತ್ತಿಗೆ ಒಂದು ಕಾಗದ ಬರುತ್ತದೆ. ಗೆದ್ದಲು ನಿರೋಧಕ ಔಷಧಿ ಹಾಕಲಾಗಿದೆ, ಹತ್ತು ವರ್ಷ ಗ್ಯಾರಂಟಿ ಎಂದು ಅದರಲ್ಲಿ ಬರೆದಿರುತ್ತದೆ. ಆದರೆ ಗೆದ್ದಲನ್ನು ತಡೆಯುವುದು ಪ್ಲಿಂತ್ ಒಳಗಿನ ಮಣ್ಣು ಕುಡಿದ ದ್ರಾವಣ. ಅದು ಎಷ್ಟು ಇಳಿಯಿತು, ಎಲ್ಲೆಲ್ಲಿ ತಪ್ಪಿತು ಎಂಬುದನ್ನು ಕಾಂಕ್ರೀಟ್ ಬೀಳುವ ಮುಂಚೆ ಮಾತ್ರ ನೋಡಲು ಸಾಧ್ಯ.

ಈ ಸೀಮೆಯ ಹೊಲ, ಬದುಗಳಲ್ಲಿ ಕಾಣುವ ಹುತ್ತಗಳು ಹೆಚ್ಚಾಗಿ ಒಡಾಂಟೋಟರ್ಮಿಸ್ ಎಂಬ ಗುಂಪಿನ ಗೆದ್ದಲಿನವು. ಇವು ನೆಲದೊಳಗೆ ಬೂಷ್ಟು ಬೆಳೆದು ತಿನ್ನುವ ಹುಳಗಳು. ಬೂಷ್ಟಿನ ತೋಟಕ್ಕೆ ಗೊಬ್ಬರವಾಗಿ ಕಟ್ಟಿಗೆ, ಒಣ ಎಲೆ, ಕಾಗದ ಬೇಕು. ಕೆಲಸಗಾರ ಹುಳದ ಮೈ ಬಹಳ ಮೆತ್ತಗೆ, ಬಿಸಿಲಿಗೆ ಬಿದ್ದರೆ ಒಣಗಿ ಸಾಯುತ್ತದೆ. ಆದ್ದರಿಂದ ಅದು ಗೂಡಿನಿಂದ ನಿಮ್ಮ ಚೌಕಟ್ಟಿನವರೆಗೂ ಮಣ್ಣೊಳಗೇ ಬರುತ್ತದೆ. ಮಣ್ಣು ಮುಗಿದಲ್ಲಿ ತಾನೇ ಮಣ್ಣಿನ ಕೊಳವೆ ಕಟ್ಟಿಕೊಂಡು ಮೇಲೇರುತ್ತದೆ. ಒಂದು ಮಿಲಿಮೀಟರಿನ ಸೀಳು ಅದಕ್ಕೆ ಹೆದ್ದಾರಿ. ಪಾಯಕ್ಕೆ ಹಾಕುವ ಔಷಧಿಯಿಂದ ಆಚೆ ಹೊಲದಲ್ಲಿರುವ ಗೂಡು ಸಾಯುವುದಿಲ್ಲ. ಮನೆಯ ಅಡಿಗೆ ಮತ್ತು ಸುತ್ತಲಿಗೆ ಎಲ್ಲೂ ಕಡಿಯದ ವಿಷಮಣ್ಣಿನ ಪದರ ಹಾಕುವುದಷ್ಟೇ ಇಲ್ಲಿಯ ಕೆಲಸ. ಪದರ ಒಂದು ಕಡೆ ತಪ್ಪಿದರೆ ಉಳಿದ ಕಡೆ ಸುರಿದದ್ದೆಲ್ಲ ವ್ಯರ್ಥ.

ಭಾರತೀಯ ಮಾನಕ ಬ್ಯೂರೋದ ಐಎಸ್ 6313, ಎರಡನೇ ಭಾಗ, ಈ ಕೆಲಸದ ಕ್ರಮವನ್ನು ಹೇಳುತ್ತದೆ. ಬಹುಕಾಲದಿಂದ ಬಳಕೆಯಲ್ಲಿರುವ ಔಷಧಿ ಕ್ಲೋರ್‌ಪೈರಿಫಾಸ್ 20 ಇಸಿ. ಇದನ್ನು ಶೇಕಡಾ 1ರ ದ್ರಾವಣಕ್ಕೆ ಇಳಿಸಬೇಕು, ಅಂದರೆ ಒಂದು ಲೀಟರ್ ಔಷಧಿಗೆ 19 ಲೀಟರ್ ನೀರು. ಇಟ್ಟಿಗೆ, ಕಲ್ಲಿನ ಗೋಡೆಯ ಮನೆಯಾದರೆ ಪಾಯದ ಗುಂಡಿಯ ತಳಕ್ಕೂ ತಳದಿಂದ 300 ಮಿಲಿಮೀಟರ್ ಎತ್ತರದವರೆಗಿನ ಬದಿಗಳಿಗೂ ಚದರ ಮೀಟರಿಗೆ 5 ಲೀಟರ್ ಹಾಕಬೇಕು. ಗಟ್ಟಿ ಕಾಂಕ್ರೀಟಿನ ಕಾಲಂ ಮತ್ತು ಬೀಮ್ ಇರುವ ಮನೆಗೆ ಅಷ್ಟು ಆಳಕ್ಕೆ ಹೋಗಬೇಕಿಲ್ಲ. ನೆಲಮಟ್ಟದಿಂದ 500 ಮಿಲಿಮೀಟರ್ ಕೆಳಗಿನಿಂದ ಶುರುಮಾಡಿದರೆ ಸಾಕು. ಕಾಲಂ, ಬೀಮ್, ಗೋಡೆಗಳಿಗೆ ಆತುಕೊಂಡು ತುಂಬುವ ಮಣ್ಣಿಗೆ ಮಾತ್ರ ಆ ಗೋಡೆಯ ಮೈಯ ಚದರ ಮೀಟರಿಗೆ 7.5 ಲೀಟರ್ ಬೇಕು. ಇಲ್ಲಿ ಅಳತೆ ಹೆಚ್ಚಿರುವುದಕ್ಕೆ ಕಾರಣವಿದೆ. ಸಡಿಲ ಮಣ್ಣು ಗಟ್ಟಿ ಗೋಡೆಯನ್ನು ಮುಟ್ಟುವ ಗೆರೆಯಲ್ಲೇ ಸಂದು ಉಳಿಯುತ್ತದೆ, ಗೆದ್ದಲೂ ಆ ಗೆರೆ ಹಿಡಿದೇ ಬರುತ್ತದೆ.

ಗಡಹಿಂಗ್ಲಜ್‌ನಲ್ಲಿ ಒಂದು ಸಾಧಾರಣ ಮನೆ ಇಟ್ಟುಕೊಂಡು ಲೆಕ್ಕ ಹಾಕೋಣ. ಕೋಣೆಗಳ ನೆಲ ಸುಮಾರು 80 ಚದರ ಮೀಟರ್, ಹೊರಸುತ್ತಳತೆ 38 ಮೀಟರ್, ಪ್ಲಿಂತ್ ಒಳಗೆ ಮುರುಮ್ ಭರಾವು 60 ಸೆಂಟಿಮೀಟರ್. ಭರಾವು ಕುಟ್ಟಿ ಮಟ್ಟಮಾಡಿದ ಮೇಲೆ, ಪಿಸಿಸಿ ಹಾಕುವ ಮುಂಚೆ, ಅದರ ಮೇಲ್ಮೈಗೆ ಚದರ ಮೀಟರಿಗೆ 5 ಲೀಟರಿನಂತೆ 400 ಲೀಟರ್ ಬೇಕು. ಕುಟ್ಟಿದ ಮುರುಮ್ ಬೇಗ ಕುಡಿಯುವುದಿಲ್ಲ. ಅದಕ್ಕೆ ಹಾರೆಯಿಂದ 150 ಮಿಲಿಮೀಟರಿಗೊಂದರಂತೆ 50ರಿಂದ 75 ಮಿಲಿಮೀಟರ್ ಆಳದ ತೂತು ಮಾಡಿ ಸುರಿಯುತ್ತಾರೆ. ನೆಲವೂ ಗೋಡೆಯೂ ಕೂಡುವ ಮೂಲೆಯಲ್ಲಿ ಸಣ್ಣ ಕಾಲುವೆ ತೋಡಿ, ಅದರಲ್ಲಿ ಸಳಿಯಿಂದ ನೆಲಮಟ್ಟದವರೆಗೆ ತೂತು ಇಳಿಸಿ, ದ್ರಾವಣ ತುಂಬಬೇಕು. ಹೊರಗೋಡೆಗಳ ಒಳಮಗ್ಗುಲಿಗೇ ಸುಮಾರು 160 ಲೀಟರ್ ಆಗುತ್ತದೆ. ಮನೆಯ ಹೊರಸುತ್ತಿಗೆ 300 ಮಿಲಿಮೀಟರ್ ಆಳದವರೆಗೆ ಇನ್ನೂ 85 ಲೀಟರ್. ಒಟ್ಟು 645 ಲೀಟರ್ ದಾಟಿತು, ಅಂದರೆ ಸುಮಾರು 32 ಲೀಟರ್ ಮೂಲ ಔಷಧಿ. ಒಳಗೋಡೆಗಳದ್ದು ಮತ್ತು ಕೆಳಗಿನ ಪಾಯದ್ದು ಇದಕ್ಕೆ ಹೊರತು.

ಕೆಲಸ ಸರಿಯಾಗಿದೆಯೋ ಇಲ್ಲವೋ ತಿಳಿಯಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ಬೆನ್ನಿಗೆ ಹಾಕುವ 16 ಲೀಟರಿನ ಪಂಪು ಹಿಡಿದು ಬಂದವನು ನೆಲದ ಮೇಲ್ಮೈಗೊಂದಕ್ಕೇ 25 ಸಲ ತುಂಬಿಸಬೇಕು. ಎರಡು ಮೂರು ಪಂಪಿನಲ್ಲಿ ಮಣ್ಣಿನ ಮೇಲ್ಮೈ ತೋಯಿಸಿ, ವಾಸನೆ ಬರಿಸಿ ಹೋದರೆ ಅದು ಗೆದ್ದಲು ಕೆಲಸ ಅಲ್ಲ. ಕ್ಯಾನಿನ ಸೀಲು ನಿಮ್ಮ ಮುಂದೆಯೇ ಒಡೆಯಲಿ, ಖಾಲಿ ಕ್ಯಾನುಗಳನ್ನು ಎಣಿಸಿ. ನೀರು ಬೆರೆಸುವುದೂ ನಿಮ್ಮೆದುರೇ, ಬ್ಯಾರಲ್‌ನಲ್ಲೇ ಆಗಲಿ.

ಯಾವ ದಿನ ಹಾಕುತ್ತಾರೆ ಎಂಬುದೂ ಮುಖ್ಯ. ಮಳೆಯಲ್ಲಿ ತೊಯ್ದು ನೀರು ನಿಂತ ಮಣ್ಣು ದ್ರಾವಣವನ್ನು ಒಳಗೆ ಎಳೆದುಕೊಳ್ಳುವುದಿಲ್ಲ. ಹಾಕಿದ ಮೇಲೆ ಮಣ್ಣನ್ನು ಯಾರೂ ಕೆದಕಬಾರದು. ಅನುಭವದಲ್ಲಿ ಹೆಚ್ಚು ಕೆಡುವುದು ಇಲ್ಲೇ. ಔಷಧಿಯವರು ಬಂದು ಹೋದ ವಾರಕ್ಕೆ ಪ್ಲಂಬರ್ ಬಂದು ಸಂಡಾಸಿನ ಪೈಪಿಗೆ ಚರಿ ತೋಡುತ್ತಾನೆ, ಗವಂಡಿ ಒಂದು ಮೂಲೆಯ ಭರಾವು ತೆಗೆದು ಮತ್ತೆ ತುಂಬುತ್ತಾನೆ. ಅಷ್ಟು ಜಾಗದ ಪದರ ಹೋಯಿತು, ಅಲ್ಲಿಗೆ ಮತ್ತೆ ಔಷಧಿ ಹಾಕಲೇಬೇಕು. ಪೈಪು ನೆಲ ಹೊಕ್ಕುವ ಜಾಗಗಳಲ್ಲಿ ಸುತ್ತಲ ಮಣ್ಣನ್ನು ಸಡಿಲಿಸಿ ಬೇರೆಯಾಗಿ ತೋಯಿಸುವುದು ಈ ಕಾರಣಕ್ಕೇ. ಬಾವಿಯೋ ಬೋರ್‌ವೆಲ್ಲೋ ಹತ್ತಿರದಲ್ಲಿದ್ದರೆ ದ್ರಾವಣ ಅತ್ತ ಹರಿಯದಂತೆ ನೋಡಿಕೊಳ್ಳಬೇಕು. ಇದು ನರಗಳಿಗೆ ತಾಗುವ ವಿಷ, ಕೈಗವಸಿಲ್ಲದೆ ಬೆರೆಸುವವರನ್ನು ಕಂಡರೆ ತಡೆಯಿರಿ.

ಇನ್ನು ಬಾಳಿಕೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ಗುತ್ತಿಗೆಗಳಲ್ಲಿ ಹತ್ತು ವರ್ಷದ ಗ್ಯಾರಂಟಿ ಕೇಳುವ ರೂಢಿ ಇದೆ, ಖಾಸಗಿಯವರೂ ಅದನ್ನೇ ಬರೆದುಕೊಡುತ್ತಾರೆ. ಆದರೆ ಔಷಧಿ ಎಲ್ಲ ಮಣ್ಣಲ್ಲೂ ಒಂದೇ ಸಮ ಬಾಳುವುದಿಲ್ಲ. ಹಿಂದೆ ಬಳಸುತ್ತಿದ್ದ ಆಲ್ಡ್ರಿನ್, ಕ್ಲೋರ್‌ಡೇನ್, ಹೆಪ್ಟಾಕ್ಲೋರ್ ಮಣ್ಣಲ್ಲಿ ಹಲವು ದಶಕ ಉಳಿಯುತ್ತಿದ್ದವು. ಹಾಗೆ ಉಳಿದು ಮನುಷ್ಯನ ಕೊಬ್ಬಿನಲ್ಲೂ ಸೇರುತ್ತಿದ್ದುದರಿಂದಲೇ ಅವು ನಿಷೇಧವಾದವು. ಕ್ಲೋರ್‌ಪೈರಿಫಾಸ್ ಒಡೆಯುವ ವೇಗ ಮಣ್ಣಿನ ಗುಣ, ಶಾಖ ಮತ್ತು ಹಾಕಿದ ಪ್ರಮಾಣವನ್ನು ಅವಲಂಬಿಸಿದೆ. ಕ್ಷಾರದ ಮಣ್ಣಲ್ಲಿ ಅದು ಬೇಗ ಒಡೆಯುತ್ತದೆ, ಸುಣ್ಣ ಮತ್ತು ಸಿಮೆಂಟಿನ ನೆರೆಯಲ್ಲೂ ಹಾಗೆಯೇ. ಗಡಹಿಂಗ್ಲಜ್, ಆಜರಾ ಕಡೆಯ ಕೆಂಪು ಜಂಬಿಟ್ಟಿಗೆ ಮಣ್ಣು ಹುಳಿ ಗುಣದ್ದು. ಇಚಲಕರಂಜಿ, ಶಿರೋಳ ಕಡೆಯ ನದಿ ಬಯಲಿನ ಎರೆಮಣ್ಣು ಕ್ಷಾರದತ್ತ ವಾಲಿದ್ದು. ಸಾಲದ್ದಕ್ಕೆ ಎರೆ ನೆಲ ಬೇಸಿಗೆಯಲ್ಲಿ ಬಿರಿಯುತ್ತದೆ, ಬಿರುಕು ಹೊರಸುತ್ತಿನ ಪದರವನ್ನೇ ಸೀಳಬಹುದು. ಅದಕ್ಕೆ ಎರೆ ನೆಲದಲ್ಲಿ ಗೋಡೆಗೆ ಆತುಕೊಂಡು ಕರಿ ಮಣ್ಣು ತುಂಬದೆ ಮುರುಮ್ ತುಂಬಿ, ಆ ಮುರುಮಿಗೇ ಔಷಧಿ ಕುಡಿಸುವುದು ಜಾಣತನ.

ಪಂಚಗಂಗೆಯ ಹೊಳೆನೀರು 2019ರಲ್ಲೂ 2021ರಲ್ಲೂ ಎಷ್ಟೋ ಮನೆ ಹೊಕ್ಕಿತು. ನೀರೇ ಔಷಧಿ ತೊಳೆದುಕೊಂಡು ಹೋಗುತ್ತದೆಯೇ ಎಂದು ಜನ ಕೇಳುತ್ತಾರೆ. ಕ್ಲೋರ್‌ಪೈರಿಫಾಸ್ ನೀರಲ್ಲಿ ಕರಗುವುದು ತೀರ ಕಡಿಮೆ, ಮಣ್ಣಿನ ಕಣಕ್ಕೆ ಅಂಟಿಕೊಂಡಿರುತ್ತದೆ. ಈಗ ಹೆಚ್ಚು ಬಳಕೆಗೆ ಬಂದಿರುವ ಇಮಿಡಾಕ್ಲೋಪ್ರಿಡ್ ನೂರಾರು ಪಟ್ಟು ಹೆಚ್ಚು ಕರಗುತ್ತದೆ, ಆದ್ದರಿಂದ ನೆರೆ ಬರುವ ಜಾಗದಲ್ಲಿ ಅದನ್ನು ಆರಿಸುವ ಮುಂಚೆ ಯೋಚಿಸಬೇಕು. ಎರಡಕ್ಕೂ ಸಮಾನವಾದ ಅಪಾಯ ನೆರೆಯ ಕೆಸರು. ಔಷಧಿ ಹಾಕಿದ ಮಣ್ಣಿನ ಮೇಲೆ ಹೊಸ ಮಣ್ಣು ಗೋಡೆಗೆ ಆತು ಕೂತರೆ ಅದು ಗೆದ್ದಲಿಗೆ ಸೇತುವೆಯಾಗುತ್ತದೆ. ಗೋಡೆಗೊತ್ತಿ ಮಾಡುವ ಹೂವಿನ ಮಡಿಯೂ ಇದೇ ಕೆಲಸ ಮಾಡುತ್ತದೆ. ಕೆಸರನ್ನು ಪ್ಲಿಂತ್ ಕಾಣುವಂತೆ ತೆಗೆಸಿ, ಹೊರಸುತ್ತಿಗೆ ಮತ್ತೆ ಔಷಧಿ ಹಾಕಿಸಬೇಕು.

ಐದು ವರ್ಷ ದಾಟಿದ ಮನೆಯಲ್ಲಿ ಪ್ರತಿ ವರ್ಷ ಮೊದಲ ಮಳೆಯ ನಂತರ ಪ್ಲಿಂತಿನ ಹೊರಮೈ ಸುತ್ತಿ ನೋಡಿ. ಪೆನ್ಸಿಲ್ ಗಾತ್ರದ ಮಣ್ಣಿನ ಗೆರೆ ಕಂಡರೆ ಒಂದು ತುಣುಕು ಮುರಿದು ಬಿಡಿ. ಕೆಲವು ದಿನದಲ್ಲಿ ಅದು ಮತ್ತೆ ಕೂಡಿಕೊಂಡಿದ್ದರೆ ದಾರಿ ಜೀವಂತವಾಗಿದೆ. ಚೌಕಟ್ಟಿನ ಬುಡವನ್ನು ತಟ್ಟಿದಾಗ ಪೊಳ್ಳು ಸದ್ದು ಬಂದರೆ ಹುಳ ಒಳಗಿದೆ. ಆಗ ಉಳಿಯುವುದು ಕಟ್ಟಿದ ಮನೆಯ ಚಿಕಿತ್ಸೆ. ಗೋಡೆ ಮತ್ತು ನೆಲ ಕೂಡುವಲ್ಲಿ 300 ಮಿಲಿಮೀಟರಿಗೊಂದರಂತೆ 12 ಮಿಲಿಮೀಟರಿನ ತೂತು ಕೊರೆದು, ಒಂದೊಂದಕ್ಕೆ ಒಂದು ಲೀಟರ್ ದ್ರಾವಣ ಒತ್ತಿ, ಸಿಮೆಂಟಿನಿಂದ ಮುಚ್ಚುತ್ತಾರೆ. ನೆಲದ ನಡುವಿನ ಅಡಿಮಣ್ಣಿಗೆ ಅದು ಮುಟ್ಟುವುದಿಲ್ಲ.