ಸೀಲ್ ಹೊಸದು, ಫೋನ್ ಹಳೆಯದು

ಹೊಸ ಫೋನ್ ಮನೆಗೆ ಬಂದಾಗ ಎಲ್ಲರ ಕಣ್ಣು ಮೊದಲು ಹೋಗುವುದು ಸೀಲಿನ ಮೇಲೆ. ಸೀಲ್ ಗಟ್ಟಿಯಾಗಿದ್ದರೆ ಒಳಗಿನ ಮಾಲೂ ಹೊಸದೆಂದು ನಂಬಿಬಿಡುತ್ತೇವೆ. ಯಾರೋ ನಾಲ್ಕು ದಿನ ಬಳಸಿ ವಾಪಸ್ ಕೊಟ್ಟ ಫೋನನ್ನು, ರಿಪೇರಿ ಮಾಡಿ ಒರೆಸಿಟ್ಟ ಫೋನನ್ನು ಹೊಸದೆಂದು ದಾಟಿಸುವವರಿಗೆ ಆಧಾರವಾಗಿರುವುದು ಈ ನಂಬಿಕೆಯೇ. ಸೀಲನ್ನು ಮತ್ತೆ ಹಾಕಬಹುದು. ಬಾಕ್ಸ್‌ಗೆ ಸುತ್ತುವ ತೆಳು ಪ್ಲಾಸ್ಟಿಕ್ಕು, ಅದನ್ನು ಬಿಗಿಯಾಗಿಸುವ ಹೀಟ್ ಗನ್ನು, ಕಂಪನಿಯ ಸೀಲಿನಂತೆಯೇ ಕಾಣುವ ಸ್ಟಿಕರ್ ಎಲ್ಲವೂ ಮಾರುಕಟ್ಟೆಯಲ್ಲಿ ಸಿಗುತ್ತವೆ.

ಐಫೋನನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ತನಿಖೆಗೆ ಸಿಗುವ ಗುರುತುಗಳು ಹೆಚ್ಚು. 2021ರಲ್ಲಿ ಬಂದ ಐಫೋನ್ 13ರಿಂದ ಬಾಕ್ಸ್ ಮೇಲೆ ಪ್ಲಾಸ್ಟಿಕ್ ಹೊದಿಕೆ ಇಲ್ಲ. ಹಿಂಬದಿಯಲ್ಲಿ ಎರಡು ಕಾಗದದ ಪಟ್ಟಿಗಳಿವೆ, ಎಳೆದರೆ ಹರಿದು ಬರುತ್ತವೆ. ಹರಿದ ಪಟ್ಟಿಯನ್ನು ಮತ್ತೆ ಅಂಟಿಸಲಾಗದು, ಹಾಗಾಗಿ ಮೋಸ ಮಾಡುವವರು ಅದೇ ಜಾಗದಲ್ಲಿ ಬೇರೆ ಪಟ್ಟಿ ಕೂರಿಸುತ್ತಾರೆ. ಅಂಚಿನಲ್ಲಿ ಬೆರಳಾಡಿಸಿದಾಗ ಹಳೆಯ ಅಂಟು ತಾಕಿದರೆ, ಪಟ್ಟಿಯ ಕೆಳಗೆ ಬಾಕ್ಸಿನ ಕಾಗದದ ಮೇಲ್ಪದರ ಕಿತ್ತು ನಾರೆದ್ದಿದ್ದರೆ ಅನುಮಾನಪಡಬೇಕು. ಇಂಥ ಹೊಸ ಮಾಡೆಲ್‌ನ ಬಾಕ್ಸ್ ಪ್ಲಾಸ್ಟಿಕ್ ಸುತ್ತಿಕೊಂಡು ಬಂದರಂತೂ ಆ ಪ್ಲಾಸ್ಟಿಕ್ ಹಾಕಿದ್ದು ಕಂಪನಿಯಲ್ಲ. ಆದರೆ ಸೀಲ್ ಸರಿಯಾಗಿದೆ ಅಂದಮಾತ್ರಕ್ಕೆ ಫೋನ್ ಹೊಸದು ಎಂದಾಗುವುದಿಲ್ಲ. ಅದನ್ನು ಹೇಳಬೇಕಾದ್ದು ಮಾರುವವನ ಕೈಗೆ ಸಿಗದ ಲೆಕ್ಕ.

ಆ ಲೆಕ್ಕ ಕಂಪನಿಯ ಸರ್ವರ್‌ನಲ್ಲಿದೆ. ಫೋನನ್ನು ಮೊದಲ ಸಲ ಆನ್ ಮಾಡಿ ಇಂಟರ್‌ನೆಟ್ಟಿಗೆ ಸೇರಿಸಿದಾಗ ಅದು ತನ್ನ ಸೀರಿಯಲ್ ನಂಬರ್ ಕಳಿಸಿ ಅನುಮತಿ ಪಡೆಯುತ್ತದೆ. ಇದೇ ಆಕ್ಟಿವೇಶನ್, ವಾರಂಟಿಯ ಲೆಕ್ಕ ಸಾಮಾನ್ಯವಾಗಿ ಅಲ್ಲಿಂದಲೇ ಶುರು. ಆಮೇಲೆ ಫೋನನ್ನು ಎಷ್ಟು ಸಲ ಫ್ಯಾಕ್ಟರಿ ರಿಸೆಟ್ ಮಾಡಿದರೂ ಒಳಗಿನ ಫೋಟೊ, ನಂಬರುಗಳು ಅಳಿಯುತ್ತವೆಯೇ ಹೊರತು ಆ ತಾರೀಕು ಅಳಿಯುವುದಿಲ್ಲ.

ಆದ್ದರಿಂದ ನನ್ನ ಬಲವಾದ ಸಲಹೆ ಇಷ್ಟೇ: ಫೋನ್ ಆನ್ ಮಾಡುವ ಮೊದಲೇ ಪರೀಕ್ಷಿಸಿ. ಬಾಕ್ಸಿನ ಹಿಂಬದಿಯ ಸ್ಟಿಕರ್‌ನಲ್ಲಿ ಸೀರಿಯಲ್ ನಂಬರ್ ಅಚ್ಚಾಗಿರುತ್ತದೆ. ಅದನ್ನು ಬೇರೊಂದು ಫೋನಿನಲ್ಲಿ checkcoverage.apple.com ತೆರೆದು ಹಾಕಿ. ಹೊಸ ಫೋನಾದರೆ ಇನ್ನೂ ಆಕ್ಟಿವೇಟ್ ಆಗಿಲ್ಲ ಎಂಬರ್ಥದ ಸಾಲು ಬರಬೇಕು. ಅದರ ಬದಲು ವಾರಂಟಿ ಮುಗಿಯುವ ತಾರೀಕು ಬಂದರೆ, ನಿಮಗಿಂತ ಮೊದಲೇ ಯಾರೋ ಆನ್ ಮಾಡಿದ್ದಾರೆ. ನೀವೇ ಆನ್ ಮಾಡಿದ ಮೇಲೆ ನೋಡಿದರೆ ಈ ಸಾಕ್ಷ್ಯದ ಅರ್ಧ ಬಲ ಹೋಗುತ್ತದೆ. ಒಂದೆರಡು ದಿನದ ವ್ಯತ್ಯಾಸವಿದ್ದರೆ ‘ನೀವೇ ಮಾಡಿರಬೇಕು’ ಎನ್ನಲು ಅವರಿಗೆ ದಾರಿಯಾಗುತ್ತದೆ.

ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ದೀಪಾವಳಿ ರಿಯಾಯಿತಿಯಲ್ಲಿ ತರಿಸಿದ ಐಫೋನ್ 15 ಒಂದು 2025ರ ಅಕ್ಟೋಬರ್ 14ಕ್ಕೆ ಮನೆಗೆ ಬಂತು. ಸೀರಿಯಲ್ ನಂಬರ್ ಹಾಕಿ ನೋಡಿದರೆ ವಾರಂಟಿ ಮುಗಿಯುವುದು 2026ರ ಮಾರ್ಚ್ 2ಕ್ಕೆ. ವಾರಂಟಿ ಒಂದು ವರ್ಷದ್ದು, ಅಂದರೆ ಫೋನ್ ಮೊದಲು ಚಾಲೂ ಆದದ್ದು 2025ರ ಮಾರ್ಚ್ ಆರಂಭದಲ್ಲಿ. ಫೋನ್ ಮಾಡಿ ಕೇಳಿದಾಗ ಮಾರಾಟಗಾರ, ‘ಸ್ಟಾಕ್ ಹಳೇದು ಸರ್, ಅದಕ್ಕೇ ಹಾಗೆ ತೋರಿಸ್ತಿದೆ’ ಎನ್ನುತ್ತಾನೆ. ಈ ಮಾತಿಗೆ ಎಷ್ಟೋ ಜನ ಸುಮ್ಮನಾಗುತ್ತಾರೆ. ಗೋದಾಮಿನಲ್ಲಿ ವರ್ಷಗಟ್ಟಲೆ ಕೂತ ಫೋನಿನ ತಯಾರಿಕೆಯ ತಾರೀಕು ಹಳೆಯದಾಗಿರಬಹುದು, ಅದರಲ್ಲಿ ಮೋಸವೇನಿಲ್ಲ. ಆದರೆ ಬಾಕ್ಸಿನೊಳಗೆ ಮಲಗಿದ್ದ ಫೋನ್ ತಾನಾಗಿ ಆಕ್ಟಿವೇಟ್ ಆಗುವುದಿಲ್ಲ.

ಈಗ ಫೋನ್ ಆನ್ ಮಾಡಿ ಒಳಗೆ ನೋಡೋಣ. ಐಫೋನ್ 15ರಿಂದೀಚಿನ ಮಾಡೆಲ್‌ಗಳಲ್ಲಿ Settings, ಅದರೊಳಗೆ Battery, ಅದರೊಳಗೆ Battery Health ಎಂಬಲ್ಲಿ ಬ್ಯಾಟರಿ ತಯಾರಾದ ತಿಂಗಳು, ಮೊದಲು ಬಳಸಿದ ತಿಂಗಳು, ಈವರೆಗಿನ ಚಾರ್ಜ್ ಸುತ್ತುಗಳ ಸಂಖ್ಯೆ ಮೂರೂ ಸಿಗುತ್ತವೆ. ನಮ್ಮ ಈ ಫೋನಿನಲ್ಲಿ ಬ್ಯಾಟರಿ ಸಾಮರ್ಥ್ಯ ನೂರಕ್ಕೆ ನೂರು, ಸುತ್ತುಗಳು ಮೂರೇ ಮೂರು. ನೋಡಿದವರಿಗೆ ಸಮಾಧಾನವಾಗಬೇಕು. ಆದರೆ ಬ್ಯಾಟರಿ ತಯಾರಾದದ್ದು 2025ರ ಜುಲೈನಲ್ಲಿ, ಬಾಕ್ಸ್ ಮೇಲೆ ಫೋನ್ ತಯಾರಾದ ತಿಂಗಳೆಂದು ಅಚ್ಚಾಗಿರುವುದು 2024ರ ಡಿಸೆಂಬರ್. ಫೋನಿಗಿಂತ ಏಳು ತಿಂಗಳು ಚಿಕ್ಕದಾದ ಬ್ಯಾಟರಿ ಕಾರ್ಖಾನೆಯಲ್ಲಿ ಕೂತದ್ದಾಗಿರಲು ಸಾಧ್ಯವಿಲ್ಲ. ಮಾರ್ಚ್‌ನಲ್ಲಿ ಯಾರೋ ಬಳಸಲು ಶುರುಮಾಡಿದ್ದಾರೆ, ಜುಲೈ ನಂತರ ಯಾರೋ ಬ್ಯಾಟರಿ ಬದಲಿಸಿದ್ದಾರೆ. Settings, General, About ಎಂಬಲ್ಲಿ Parts and Service History ಎಂಬ ಭಾಗ ಕಾಣಿಸಿಕೊಂಡರೆ ಅನುಮಾನಕ್ಕೆ ಮತ್ತಷ್ಟು ಪುಷ್ಟಿ. ಬಿಡಿಭಾಗ ಬದಲಿಸದ ಫೋನಿನಲ್ಲಿ ಆ ಭಾಗವೇ ಇರುವುದಿಲ್ಲ.

ಅದೇ About ಪುಟದಲ್ಲಿ Model Number ಎಂಬುದಿದೆ. ಅದರ ಮೊದಲ ಅಕ್ಷರ M ಆದರೆ ಅಂಗಡಿಯಲ್ಲಿ ಮಾರಲು ತಯಾರಿಸಿದ್ದು, F ಆದರೆ ಕಂಪನಿಯೇ ನವೀಕರಿಸಿದ್ದು, N ಆದರೆ ಕೆಟ್ಟ ಫೋನಿಗೆ ಬದಲಾಗಿ ಸರ್ವಿಸ್‌ನಲ್ಲಿ ಕೊಟ್ಟದ್ದು, P ಆದರೆ ಹೆಸರು ಕೆತ್ತಿಸಿ ಮಾರಿದ್ದು. ಹೊಸದೆಂದು ಕೊಂಡ ಫೋನ್ F ಅಥವಾ N ತೋರಿಸಿದರೆ ವಾದಕ್ಕೆ ಜಾಗವೇ ಇಲ್ಲ. ಆದರೆ M ಇದೆ ಎಂದು ನಿಶ್ಚಿಂತೆಯಾಗಿರಬೇಡಿ. ಹೊರಗಿನ ರಿಪೇರಿಯವರು ಫೋನನ್ನು ಪೂರ್ತಿ ಬಿಚ್ಚಿ ಜೋಡಿಸಿದರೂ ಆ ಅಕ್ಷರ ಬದಲಾಗುವುದಿಲ್ಲ.

ಇನ್ನೊಂದು ಮೋಸದಲ್ಲಿ ಬಾಕ್ಸ್ ಅಸಲಿ, ಒಳಗಿನ ಫೋನ್ ಬೇರೆ. ಹಿಂದಿನ ಗಿರಾಕಿ ಹೊಸ ಫೋನ್ ಇಟ್ಟುಕೊಂಡು ಅದೇ ಮಾಡೆಲ್‌ನ ತನ್ನ ಹಳೆಯದನ್ನು ಬಾಕ್ಸಿಗೆ ಹಾಕಿ ವಾಪಸ್ ಕಳಿಸಿರಬಹುದು. ಆಗ ಮಾರಾಟಗಾರನೂ ಮೋಸಹೋದವನೇ. ಬಾಕ್ಸಿನ ಸೀರಿಯಲ್ ನಂಬರ್ ಮಾತ್ರ ನೋಡಿದರೆ ಇದು ಸಿಕ್ಕಿಬೀಳದು. ಫೋನಿನಲ್ಲಿ *#06# ಒತ್ತಿ, ತೆರೆಯ ಮೇಲೆ ಬರುವ 15 ಅಂಕಿಯ ಐಎಂಇಐ ನಂಬರನ್ನು ಬಾಕ್ಸಿನದಕ್ಕೂ ಬಿಲ್ಲಿನದಕ್ಕೂ ತಾಳೆ ನೋಡಬೇಕು. ಇದು ಯಾವ ಕಂಪನಿಯ ಫೋನಿಗಾದರೂ ನಡೆಯುತ್ತದೆ. KYM ಎಂದು ಬರೆದು, ಜಾಗ ಬಿಟ್ಟು ಆ ನಂಬರ್ ಸೇರಿಸಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ ಕೇಂದ್ರ ದೂರಸಂಪರ್ಕ ಇಲಾಖೆಯ ದಾಖಲೆಯಿಂದ ಉತ್ತರ ಬರುತ್ತದೆ. ಬ್ಲ್ಯಾಕ್‌ಲಿಸ್ಟ್ ಆದ ನಂಬರಾದರೆ ಅಲ್ಲೇ ತಿಳಿಯುತ್ತದೆ.

ಆಕ್ಟಿವೇಶನ್ ತಾರೀಕಿಗೂ ಮಿತಿಯಿದೆ. ಕೆಲವು ಅಂಗಡಿಗಳಲ್ಲಿ ಗಿರಾಕಿಯ ಮುಂದೆಯೇ ಫೋನ್ ಆನ್ ಮಾಡಿ ಕೊಡುತ್ತಾರೆ, ಅದರಲ್ಲಿ ತಪ್ಪಿಲ್ಲ. ಬಿಲ್ ತೋರಿಸಿದರೆ ವಾರಂಟಿಯ ತಾರೀಕನ್ನು ಕಂಪನಿ ತಿದ್ದಿಕೊಡುವುದೂ ಉಂಟು. ಮೋಸ ಬಯಲಾದಾಗ ಮಾರಾಟಗಾರರು ಮುಂದಿಡುವ ರಾಜಿಸೂತ್ರವೂ ಇದೇ: ‘ವಾರಂಟಿ ಸರಿಮಾಡಿಸಿ ಕೊಡ್ತೀವಿ, ಇಟ್ಕೊಳ್ಳಿ.’ ಒಪ್ಪಬೇಡಿ. ವಾರಂಟಿ ಮುಂದಕ್ಕೆ ಹೋದರೂ ಬಳಸಿದ ಫೋನ್ ಬಳಸಿದ್ದೇ.

ನವೀಕರಿಸಿದ ಮಾಲನ್ನು, ಬಾಕ್ಸ್ ತೆರೆದ ಮಾಲನ್ನು ಹಾಗೆಂದೇ ಹೇಳಿ ಕಡಿಮೆ ಬೆಲೆಗೆ ಮಾರಿದರೆ ಅದು ಒಳ್ಳೆಯ ವ್ಯಾಪಾರ. ಕೊಳ್ಳುವವನಿಗೂ ಲಾಭ. ಸುಳ್ಳು ಹೇಳಿದಾಗ ಮಾತ್ರ ಅಪರಾಧ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(47)ನೇ ಕಲಮು, ಬಳಸಿದ ಅಥವಾ ನವೀಕರಿಸಿದ ವಸ್ತುವನ್ನು ಹೊಸದೆಂದು ಸುಳ್ಳು ಹೇಳಿ ತೋರಿಸುವುದನ್ನು ಅನುಚಿತ ವ್ಯಾಪಾರ ಪದ್ಧತಿಯೆಂದು ಸ್ಪಷ್ಟವಾಗಿಯೇ ಹೆಸರಿಸುತ್ತದೆ.

ದೂರು ಕೊಡುವವರು ಫೋನಿಗೆ ತಮ್ಮ ಖಾತೆ, ಫೋಟೊ ಏನನ್ನೂ ಹಾಕದೆ ಹಾಗೇ ಎತ್ತಿಡಬೇಕು. ಬಾಕ್ಸ್ ತೆರೆಯುವ ವಿಡಿಯೊ ಒಂದೇ ಓಟದಲ್ಲಿರಬೇಕು, ಅದರಲ್ಲಿ ಪಾರ್ಸೆಲ್ ವಿಳಾಸ, ಸೀಲ್, ಬಾಕ್ಸಿನ ಸ್ಟಿಕರ್ ಓದುವಂತೆ ಬರಬೇಕು. ವಾರಂಟಿ ಪುಟದ ಸ್ಕ್ರೀನ್‌ಶಾಟ್‌ನಲ್ಲಿ ಸೀರಿಯಲ್ ನಂಬರೂ ಅಂದಿನ ತಾರೀಕೂ ಕಾಣಬೇಕು. ಮಾರಾಟಗಾರನಿಗೆ ಹೇಳುವುದನ್ನೆಲ್ಲ ಬರಹದಲ್ಲೇ ಹೇಳಿ. ರಿಟರ್ನ್ ಅವಧಿ ಮುಗಿಯುವುದರೊಳಗೆ ಅವನು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ವಸ್ತುವಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಅಲ್ಲಿ ಅರ್ಜಿ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ವಾದಿಸಬಹುದು.