ಸೂಸನ್‌ಗೆ ‘ಮೇಡಂ’ ಬೇಕೆ?

‘ರಮೇಶ್ ಅವರೇ, ನಾಳೆ ಸಿಗ್ತೀರಾ?’ ವಾಟ್ಸಾಪ್‌ನ ಇಷ್ಟು ಚಿಕ್ಕ ಸಂದೇಶದಲ್ಲೂ ಮರ್ಯಾದೆ ಎರಡು ಕಡೆ ಇದೆ. ಒಂದು ಹೆಸರಿನ ಬಾಲದಲ್ಲಿ, ಇನ್ನೊಂದು ‘ಸಿಗ್ತೀರಾ’ ಎಂಬ ಕ್ರಿಯಾಪದದಲ್ಲಿ. ಪರಿಚಿತರಾದರೆ ‘ಅವರೇ’ ಬಿಟ್ಟರೂ ಬೇಸರವಿಲ್ಲ, ಬಹುವಚನ ಉಳಿದೇ ಇರುತ್ತದೆ. ತೀರಾ ಆಪ್ತರ ನಡುವೆ ಅಚಾನಕ್ಕಾಗಿ ‘ಅವರೇ’ ಬಂದರೆ ಅದು ಗೌರವವೂ ಅಲ್ಲ, ಮುನಿಸು ಇಲ್ಲವೇ ಗೇಲಿ.

ಇಂಗ್ಲಿಷಿನ ‘ಯೂ’ ಒಳಗೆ ನೀನು, ನೀವು ಎರಡೂ ಇವೆ. ಹಾಗಾಗಿ ಬರೀ ಹೆಸರು ಬರೆದರೆ ಏಕವಚನದಲ್ಲಿ ಕರೆದುಬಿಟ್ಟೆವೇನೋ ಎಂಬ ಅಳುಕು ನಮಗೆ. ‘ಡೇವಿಡ್ ಸರ್’, ‘ಸೂಸನ್ ಮೇಡಂ’, ‘ಪೀಟರ್ ಜೀ’ ಹುಟ್ಟುವುದು ಆ ಅಳುಕಿನಿಂದ. ಬ್ರಿಟನ್ನಿನಲ್ಲಿ ಹೆಸರಿನ ಜೊತೆ ಸೇರುವ ‘ಸರ್’ ಬಿರುದು, ಅದೂ ಹೆಸರಿಗೆ ಮೊದಲೇ ಬರಬೇಕು. 1915ರಲ್ಲಿ ವಿಶ್ವೇಶ್ವರಯ್ಯನವರು ‘ಸರ್ ಎಂ.ವಿ.’ ಆದದ್ದು ಹೀಗೆ. ಬಿರುದಲ್ಲದ ‘ಸರ್’ ಅಲ್ಲಿ ಹೆಸರಿಲ್ಲದೆ ಒಂಟಿಯಾಗಿ ಬರುತ್ತದೆ, ಅಂಗಡಿಯವರು ಗಿರಾಕಿಯನ್ನು ಮಾತಾಡಿಸುವ ಹಾಗೆ. ಹೆಸರಾದ ಮೇಲೆ ‘ಸರ್’ ಸೇರಿಸುವುದು ನಮ್ಮ ಕಡೆಯ ರೂಢಿ.

ಬೆಂಗಳೂರಿನ ಒಬ್ಬರು ಲಂಡನ್ನಿನ ಸಹೋದ್ಯೋಗಿಗೆ ಹೀಗೆ ಬರೆಯುತ್ತಾರೆ ಎನ್ನಿ: ‘ಹಲೋ ಸೂಸನ್ ಮೇಡಂ, ಸೆಂಡ್ ಮಿ ದ ಫೈಲ್ ಟುಡೇ.’ ಬರೆದವರ ಪ್ರಕಾರ ಇದು ವಿನಯದ ಮಾತು. ಓದಿದವರಿಗೆ ಮಾತ್ರ ‘ಮೇಡಂ’ ವಿಚಿತ್ರವಾಗಿ ಕಾಣುತ್ತದೆ, ಮುಂದಿನದು ಆಜ್ಞೆಯಾಗಿ ಕೇಳುತ್ತದೆ. ‘ಮೇಡಂ’ ತೆಗೆದರಷ್ಟೇ ಸಾಲದು, ಆಜ್ಞೆ ಇನ್ನಷ್ಟು ಬೆತ್ತಲಾಗುತ್ತದೆ. ‘ಹಾಯ್ ಸೂಸನ್, ಕುಡ್ ಯೂ ಸೆಂಡ್ ಮಿ ದ ಫೈಲ್ ಟುಡೇ, ಪ್ಲೀಸ್?’ ಎಂದರೆ ಸರಿಹೋಯಿತು. ನಮ್ಮ ‘ಕಳಿಸ್ತೀರಾ’ದಲ್ಲಿರುವ ಮರ್ಯಾದೆಯನ್ನು ಇಲ್ಲಿ ‘ಕುಡ್ ಯೂ’ ಹೊರುತ್ತದೆ.

ಬಿಡಬೇಕೋ ಇಟ್ಟುಕೊಳ್ಳಬೇಕೋ ಎಂದು ತಿಳಿಯಲು ಅವರ ಸಂದೇಶದ ಕೊನೆಯ ಸಾಲು ನೋಡಿ. ‘ಸೂಸನ್’ ಎಂದು ಸಹಿ ಮಾಡಿದ್ದರೆ ಹಾಗೆಯೇ ಕರೆಯಬಹುದು, ವಯಸ್ಸು ಅರವತ್ತಾದರೂ ಸರಿ. ಪ್ರಾಧ್ಯಾಪಕರಿಗೆ, ವೈದ್ಯರಿಗೆ ಮೊದಲ ಪತ್ರದಲ್ಲಿ ‘ಪ್ರೊಫೆಸರ್’, ‘ಡಾಕ್ಟರ್’ ಇರಲಿ, ಅದರ ಜೊತೆಗೆ ಮನೆತನದ ಹೆಸರು. ‘ಮಿಸ್ಟರ್’ ಕೂಡ ಮನೆತನದ ಹೆಸರನ್ನೇ ಕೇಳುತ್ತದೆ, ‘ಮಿಸ್ಟರ್ ಡೇವಿಡ್’ ಎಂದರೆ ಅರ್ಧ ದಾರಿಯಲ್ಲಿ ನಿಂತ ಹಾಗೆ. ಇನಿಷಿಯಲ್ಲಿನಲ್ಲೇ ಬದುಕು ಸಾಗಿಸಿದ ನಮ್ಮವರಿಗೆ ಈ ಲೆಕ್ಕ ಹತ್ತುವುದು ಸ್ವಲ್ಪ ನಿಧಾನ.

ಊರಿನೊಳಗಿನ ಇಂಗ್ಲಿಷಿಗೆ ಈ ಕಟ್ಟುಪಾಡು ಬೇಡ. ಮೈಸೂರಿನ ನಿವೃತ್ತ ಮೇಷ್ಟರಿಗೆ ‘ಹಾಯ್ ರಮೇಶ್’ ಎಂದು ಬರೆಯುವುದು ಆಧುನಿಕತೆಯಲ್ಲ, ಅಧಿಕಪ್ರಸಂಗ. ಉತ್ತರ ಭಾರತದ ಗೆಳೆಯರಿಗೆ ‘ಜೀ’ ಸಹಜ. ಆದರೆ ಅದೇ ಮೇಷ್ಟರ ಬಗ್ಗೆ ಲಂಡನ್ನಿಗೆ ಬರೆಯುವಾಗ ‘ರಮೇಶ್ ಸರ್ ಸೆಡ್’ ಬೇಡ, ಬರೀ ‘ರಮೇಶ್’ ಸಾಕು. ಮೇಷ್ಟರಿಗೂ ಅದರ ಪ್ರತಿ ಹೋಗುತ್ತಿದ್ದರೆ, ‘ಸರ್’ ಉಳಿಸಿಕೊಳ್ಳಿ. ಲಂಡನ್ನಿನವರು ಹುಬ್ಬೇರಿಸಿದರೆ ಏರಿಸಲಿ.